ಎರವಲು ಕೂದಲು, ಸ್ವಂತ ಬೆಳಕು

ಸೊಂಟದವರೆಗೆ ಜಡೆ ಬಿಟ್ಟವರಿಗೆ ಬಾಬ್ ಕಟ್ ಹೇಗೆ ಕಂಡೀತು ಎಂದು ಕತ್ತರಿ ತಾಗುವ ಮೊದಲೇ ನೋಡುವ ಆಸೆ ಇದ್ದರೆ, ಇವತ್ತು ಕೈಗೆ ಮೊದಲು ಸಿಗುವುದು ಫೋನಿನ ಆ್ಯಪ್. ಒಂದು ಫೋಟೊ ಕೊಟ್ಟರೆ ಸಾಕು, ಹತ್ತಾರು ಬಗೆಯ ಕೂದಲನ್ನು ಒಂದಾದ ಮೇಲೊಂದು ತಲೆಗೇರಿಸಿ ತೋರಿಸುತ್ತದೆ. ಅನೇಕ ಸಲ ಅದು ಟೋಪಿ ಇಟ್ಟ ಹಾಗೆ ಕೂತಿರುತ್ತದೆ. ನೋಡಿದವರು ‘ನನಗೆ ಇದು ಒಪ್ಪುವುದಿಲ್ಲ ಬಿಡು’ ಎಂದು ಆಸೆಯನ್ನೇ ಕೈಬಿಡುತ್ತಾರೆ. ಮುಖಕ್ಕೆ ಬಾಬ್ ಕಟ್ ಒಪ್ಪದೆ ಹೋಗಿರಬಹುದು, ಇಲ್ಲವೆನ್ನುವುದಿಲ್ಲ. ಆದರೆ ಮುಖದ ಮೇಲೆ ಬೆಳಕು ಎಡಗಡೆಯಿಂದ, ಕೂದಲಿನ ಮೇಲೆ ಬಲಗಡೆಯಿಂದ ಬಿದ್ದಿದ್ದರೆ ಅಲ್ಲಿ ಯಾವ ಕೂದಲೂ ಒಪ್ಪುವುದಿಲ್ಲ. ಅಂಚನ್ನು ಕತ್ತರಿಯಲ್ಲಿ ಕತ್ತರಿಸಿ ಅಂಟಿಸಿದಂತಿದ್ದರೂ ಅಷ್ಟೇ.

ಈ ಎರಡು ಸಂಗತಿಗಳನ್ನು ಸರಿಪಡಿಸಿಕೊಂಡರೆ ಬೇರೊಂದು ಫೋಟೊದಿಂದ ಕೂದಲನ್ನು ಎರವಲು ತಂದು ನಮ್ಮ ತಲೆಯ ಮೇಲೆ ನಂಬುವ ಹಾಗೆ ಕೂರಿಸಬಹುದು. ಅದಕ್ಕೆ ದುಬಾರಿ ಸಾಫ್ಟ್‌ವೇರ್ ಬೇಕಿಲ್ಲ. GIMP ಎಂಬ ಉಚಿತ ತಂತ್ರಾಂಶ ಸಾಕು, ಕಂಪ್ಯೂಟರಿಗೆ ಇಳಿಸಿಕೊಂಡರೆ ಆಯಿತು. ಫೋಟೊಶಾಪ್ ಇರುವವರು ಅದರಲ್ಲೇ ಮಾಡಬಹುದು. ಹೆಸರುಗಳು ಸ್ವಲ್ಪ ಬೇರೆ, ಕೆಲಸ ಒಂದೇ. ನಾನು ಇಲ್ಲಿ ಹೇಳುವುದು ನನ್ನ ಅತ್ತಿಗೆಗಾಗಿ ಮಾಡಿದ ಒಂದು ಚಿತ್ರದ ವಿವರ. ಉದ್ದ ಜಡೆಯವರು, ಭುಜಕ್ಕಿಂತ ಮೇಲೆ ನಿಲ್ಲುವ ಬಾಬ್, ಹಣೆಯ ಮೇಲೆ ಒಂದಿಷ್ಟು ಮುಂಗೂದಲು ಬೇಕೆಂಬುದು ಅವರ ಆಸೆ.

ಮೊದಲ ಕೆಲಸ ಅವರದೇ ಫೋಟೊ. ಇಲ್ಲಿ ಒಂದು ಅನುಕೂಲವಿದೆ: ಕೂದಲನ್ನು ಹಿಂದಕ್ಕೆ ಬಿಗಿಯಾಗಿ ಬಾಚಿ ತುರುಬು ಕಟ್ಟಿದರೆ ಕಿವಿ, ಕತ್ತು, ದವಡೆ ಎಲ್ಲ ಬಯಲಾಗುತ್ತವೆ. ಎರವಲು ತಂದ ಬಾಬ್ ಅವುಗಳನ್ನು ಮುಚ್ಚಿದರಾಯಿತು. ಬಿಟ್ಟ ಕೂದಲಿನ ಫೋಟೊ ಹಿಡಿದುಕೊಂಡು ಹೊರಟರೆ ಮೊದಲು ಆ ಕೂದಲನ್ನು ಅಳಿಸಬೇಕು. ಅಳಿಸಿದ ಜಾಗದಲ್ಲಿ ಕಾಣಬೇಕಾದ ಕತ್ತು, ಭುಜ, ಹಿಂದಿನ ಗೋಡೆಯನ್ನು ಊಹಿಸಿ ಬಿಡಿಸಬೇಕು. ಅದು ಬೇರೆಯದೇ ಕೆಲಸ, ಇದಕ್ಕಿಂತ ಕಷ್ಟದ್ದು. ಅತ್ತಿಗೆಯನ್ನು ಕಿಟಕಿಯ ಪಕ್ಕ ಕೂರಿಸಿ, ನಾಲ್ಕೈದು ಅಡಿ ದೂರ ನಿಂತು, ಅವರ ಕಣ್ಣಿನ ಎತ್ತರದಲ್ಲಿ ಫೋನ್ ಹಿಡಿದು ತೆಗೆದೆ. ಕೈ ಚಾಚಿ ತೆಗೆದ ಸೆಲ್ಫಿ ಬೇಡ. ಅಷ್ಟು ಹತ್ತಿರದಿಂದ ಮೂಗು ದೊಡ್ಡದಾಗಿ, ಕಿವಿಗಳು ಹಿಂದೆ ಸರಿದು ಕಾಣುತ್ತವೆ; ತಲೆಯ ಆಕಾರವೇ ಬದಲಾಗಿರುತ್ತದೆ. ದೂರದಿಂದ ತೆಗೆದ ಫೋಟೊದ ಕೂದಲು ಅಂಥ ತಲೆಗೆ ಎಷ್ಟು ಎಳೆದರೂ ಕೂರುವುದಿಲ್ಲ.

ಇನ್ನು ಕೂದಲು ಕೊಡುವ ಫೋಟೊ. ಎಲ್ಲರೂ ಮಾಡುವುದು ಏನೆಂದರೆ ಇಷ್ಟವಾದ ಕೇಶವಿನ್ಯಾಸವನ್ನು ಹುಡುಕಿ ತಂದು, ಆಮೇಲೆ ಬೆಳಕನ್ನು ಹೊಂದಿಸಲು ಹೆಣಗುವುದು. ನನ್ನ ಮಾತು ಕೇಳುವುದಾದರೆ ಕ್ರಮವನ್ನು ತಿರುಗಿಸಿ. ಬೆಳಕು ಹೊಂದುವ ಫೋಟೊಗಳನ್ನು ಮೊದಲು ಆರಿಸಿ, ಅವುಗಳಲ್ಲಿ ಇಷ್ಟದ ಕೂದಲನ್ನು ಹುಡುಕಿ. ಕೂದಲಿನ ಉದ್ದವನ್ನು, ಆಕಾರವನ್ನು ಕಂಪ್ಯೂಟರಿನಲ್ಲಿ ಸಾಕಷ್ಟು ತಿದ್ದಬಹುದು. ಬೆಳಕು ಬಂದ ದಿಕ್ಕನ್ನು ತಿದ್ದುವುದು ಹೆಚ್ಚುಕಡಿಮೆ ಆಗದ ಮಾತು.

ಬೆಳಕಿನ ದಿಕ್ಕನ್ನು ಓದುವುದು ಹೇಗೆ? ಕಣ್ಣಿನಿಂದ ಶುರುಮಾಡಿ. ಫೋಟೊವನ್ನು ದೊಡ್ಡದು ಮಾಡಿ ಕಣ್ಣಿನ ಪಾಪೆಯ ಹತ್ತಿರ ನೋಡಿದರೆ ಅಲ್ಲಿ ಒಂದು ಬಿಳಿ ಚುಕ್ಕೆ ಹೊಳೆಯುತ್ತಿರುತ್ತದೆ. ಅದು ಬೆಳಕಿನ ಮೂಲದ್ದೇ ಪ್ರತಿಬಿಂಬ. ಕಣ್ಣನ್ನು ಗಡಿಯಾರದ ಮುಖ ಎಂದುಕೊಳ್ಳಿ. ಅತ್ತಿಗೆಯ ಫೋಟೊದಲ್ಲಿ ಚುಕ್ಕೆ ಹತ್ತು ಗಂಟೆಯ ಜಾಗದಲ್ಲಿತ್ತು, ಅಂದರೆ ಬೆಳಕು ಚಿತ್ರದ ಎಡಗಡೆಯಿಂದ, ತುಸು ಮೇಲಿನಿಂದ ಬಂದಿದೆ. ಚುಕ್ಕೆ ಚೌಕವಾಗಿ, ಸಾಕಷ್ಟು ದೊಡ್ಡದಾಗಿ ಇತ್ತು. ಅದು ಕಿಟಕಿ. ದೊಡ್ಡ ಮೂಲದಿಂದ ಬಂದ ಬೆಳಕು ಮೃದು, ಅದು ಬೀಳಿಸುವ ನೆರಳಿನ ಅಂಚೂ ಮೃದು. ಸೂಜಿಮೊನೆಯಂಥ ಚುಕ್ಕೆ ಇದ್ದರೆ ಬಿಸಿಲು ಅಥವಾ ಫ್ಲ್ಯಾಶ್. ಆಗ ಮೂಗಿನ ಪಕ್ಕದ ನೆರಳು ಗೆರೆ ಎಳೆದಂತೆ ಬಿದ್ದಿರುತ್ತದೆ. ಚುಕ್ಕೆ ಹೇಳಿದ್ದನ್ನು ಮೂಗಿನ ನೆರಳು, ದವಡೆಯ ಕೆಳಗಿನ ನೆರಳು ಕೂಡ ಹೇಳುತ್ತವೆಯೇ ಎಂದು ತಾಳೆ ನೋಡಬೇಕು. ಮೂರೂ ಒಂದೇ ಮಾತು ಹೇಳಿದರೆ ದಿಕ್ಕು ಖಚಿತ.

ಈ ಕಣ್ಣಿನ ಚುಕ್ಕೆ ಹುಡುಗಾಟದ ಉಪಾಯವಲ್ಲ. ತಿದ್ದಿದ ಫೋಟೊಗಳನ್ನು ಪತ್ತೆಹಚ್ಚುವ ವಿದ್ಯೆಯಲ್ಲಿ ದೊಡ್ಡ ಹೆಸರು ಮಾಡಿರುವ ಹ್ಯಾನಿ ಫರೀದ್, ಮೈಕಾ ಜಾನ್ಸನ್ ಅವರೊಂದಿಗೆ 2005ರಲ್ಲಿ ಬರೆದ ಪ್ರಬಂಧದಲ್ಲಿ ಚಿತ್ರದಲ್ಲಿರುವ ವಸ್ತುಗಳ ಹೊರಗೆರೆಯ ಮೇಲಿನ ಬೆಳಕು–ಕತ್ತಲೆಯಿಂದಲೇ ದಿಕ್ಕನ್ನು ಲೆಕ್ಕಹಾಕುವ ದಾರಿ ತೋರಿಸಿದ್ದರು. 2007ರಲ್ಲಿ ಅದೇ ಇಬ್ಬರು ಕಣ್ಣಿನ ಹೊಳಪಿನ ಚುಕ್ಕೆಗಳನ್ನು ಹಿಡಿದು, ಒಂದೇ ಫೋಟೊದಲ್ಲಿ ಇರುವವರು ನಿಜಕ್ಕೂ ಒಂದೇ ಬೆಳಕಿನಲ್ಲಿ ನಿಂತಿದ್ದರೇ ಎಂದು ಪರೀಕ್ಷಿಸುವುದನ್ನು ವಿವರಿಸಿದರು. ಕಳ್ಳನನ್ನು ಹಿಡಿಯುವ ಗುರುತುಗಳೇ ನಮಗೆ ಇಲ್ಲಿ ದಾರಿಗುರುತು.

ಕೂದಲಿನ ಮೇಲೂ ಬೆಳಕು ತನ್ನ ಸಹಿ ಹಾಕಿರುತ್ತದೆ. ಎಣ್ಣೆ ಹಚ್ಚಿ ಬಾಚಿದ ಕಪ್ಪು ಕೂದಲಿನ ಮೇಲೆ ನೆತ್ತಿಯ ಸುತ್ತ ಅಡ್ಡಡ್ಡ ಹೊಳೆಯುವ ಪಟ್ಟಿಯನ್ನು ಎಲ್ಲರೂ ಕಂಡಿದ್ದೇವೆ. ಪ್ರತಿ ಎಳೆಯೂ ಒಂದು ಸಣ್ಣ ಕೊಳವೆಯಂತೆ ಬೆಳಕನ್ನು ಹಿಂದಿರುಗಿಸುವುದರಿಂದ ಸಾವಿರಾರು ಎಳೆಗಳ ಹೊಳಪು ಸಾಲುಗೂಡಿ ಪಟ್ಟಿಯಾಗುತ್ತದೆ. 2003ರಲ್ಲಿ ಸ್ಟೀಫನ್ ಮಾರ್ಶ್ನರ್ ಮತ್ತು ಸಂಗಡಿಗರು ಕೂದಲಿನ ಎಳೆಯ ಮೇಲೆ ಬೆಳಕು ಹೇಗೆ ಚದುರುತ್ತದೆ ಎಂದು ಅಳೆದು, ಅಲ್ಲಿರುವುದು ಒಂದಲ್ಲ, ಎರಡು ಹೊಳಪು ಎಂಬುದನ್ನು ಲೆಕ್ಕಕ್ಕೆ ತಂದರು. ಒಂದು ಎಳೆಯ ಮೇಲ್ಮೈಯಿಂದಲೇ ಹಾರುವುದು. ಅದಕ್ಕೆ ಬೆಳಕಿನ ಬಣ್ಣ. ಇನ್ನೊಂದು ಎಳೆಯ ಒಳಹೊಕ್ಕು ಹೊರಬರುವುದು; ಅದಕ್ಕೆ ಕೂದಲಿನ ಬಣ್ಣ, ಜಾಗವೂ ತುಸು ಸರಿದಿರುತ್ತದೆ. ನಮ್ಮ ಕಪ್ಪು ಕೂದಲಿನಲ್ಲಿ ಒಳಹೊಕ್ಕ ಬೆಳಕನ್ನು ಕಪ್ಪೇ ನುಂಗಿಬಿಡುವುದರಿಂದ ಎದ್ದು ಕಾಣುವುದು ಮೊದಲನೆಯದು. ಹಾಗಾಗಿ ಕಪ್ಪು ಕೂದಲಿನ ಹೊಳಪನ್ನು ನೋಡಿದರೆ ಬೆಳಕು ಎಲ್ಲಿಂದ ಬಂತು ಎನ್ನುವುದರ ಜೊತೆಗೆ ಅದು ಯಾವ ಬಣ್ಣದ್ದು ಎನ್ನುವುದೂ ತಿಳಿಯುತ್ತದೆ. ಕಿಟಕಿಯ ಬೆಳಕಿನಲ್ಲಿ ಹೊಳಪು ನೀಲಿಯ ಕಡೆ ವಾಲಿದ ಬೂದು, ಸಂಜೆ ಬಿಸಿಲಿನಲ್ಲಿ ಹಳದಿ. ಸಂಜೆ ಬಿಸಿಲಿನ ಕೂದಲನ್ನು ಕಿಟಕಿಯ ಪಕ್ಕದ ಮುಖಕ್ಕೆ ತಂದು ಕೂರಿಸಿದಾಗ ಕಣ್ಣಿಗೆ ಏನೋ ಚುಚ್ಚುವುದು ಇದೇ ಕಾರಣಕ್ಕೆ.

ಅತ್ತಿಗೆಯ ಮುಂದೆ ಮೂರು ಬಾಬ್‌ಗಳಿದ್ದವು. ಅವರಿಗೆ ಎಲ್ಲಕ್ಕಿಂತ ಇಷ್ಟವಾದದ್ದು ಒಬ್ಬ ಸಿನಿಮಾ ನಟಿಯ ಸಮಾರಂಭದ ಫೋಟೊ. ಅದರಲ್ಲಿ ಬೆಳಕು ಕ್ಯಾಮೆರಾದ ಫ್ಲ್ಯಾಶಿನದು, ನೇರ ಎದುರಿನಿಂದ ಬಿದ್ದದ್ದು. ಕೂದಲಿನ ಎರಡೂ ಬದಿಗೆ ಒಂದೇ ಸಮ ಹೊಳಪು, ಎಲ್ಲೂ ನೆರಳಿಲ್ಲ. ಅದನ್ನು ಬಿಟ್ಟೆವು. ಎರಡನೆಯದು ಪರಿಚಯದ ಹುಡುಗಿಯೊಬ್ಬಳು ಮಟಮಟ ಮಧ್ಯಾಹ್ನ ತಾರಸಿಯ ಮೇಲೆ ತೆಗೆಸಿಕೊಂಡದ್ದು. ಹೊಳಪಿನ ಪಟ್ಟಿ ನೆತ್ತಿಗೆ ಅಂಟಿಕೊಂಡಿತ್ತು, ಕೂದಲಿನ ಕೆಳಭಾಗವೆಲ್ಲ ಕಪ್ಪು ಮುದ್ದೆ. ಅದೂ ಆಗದು. ಮೂರನೆಯದು ಅದೇ ಹುಡುಗಿ ಅಂಗಡಿಯೊಂದರ ಬಾಗಿಲ ಬಳಿ, ಸುಣ್ಣ ಹೊಡೆದ ಗೋಡೆಯ ಮುಂದೆ ನಿಂತದ್ದು. ಕಣ್ಣಿನ ಚುಕ್ಕೆ ಎರಡು ಗಂಟೆಯ ಜಾಗದಲ್ಲಿ, ಬೆಳಕು ಮೃದು. ಎತ್ತರ ಸರಿಯಾಗಿದೆ, ಬದಿ ಮಾತ್ರ ಉಲ್ಟಾ. ಕನ್ನಡಿಯಲ್ಲಿ ಕಂಡಂತೆ ತಿರುಗಿಸಿದರೆ ಎರಡು ಗಂಟೆ ಹತ್ತು ಗಂಟೆಯಾಗುತ್ತದೆ. ಅವಳನ್ನು ಕೇಳಿ ಒಪ್ಪಿಗೆ ಪಡೆದು ಅದನ್ನೇ ಇಟ್ಟುಕೊಂಡೆವು. ಮನೆಯೊಳಗೆ ನೋಡಿ ಮುಗಿಸುವ ಚಿತ್ರವಾದರೂ ಕೇಳುವುದು ಒಳ್ಳೆಯದು.

ತಿರುಗಿಸುವಾಗ ಬೈತಲೆಯೂ ತಿರುಗುತ್ತದೆ ಎನ್ನುವುದು ನೆನಪಿರಲಿ. ಆ ಹುಡುಗಿಯದು ಓರೆ ಬೈತಲೆ. ಚಿತ್ರದಲ್ಲಿ ಎಡಕ್ಕಿದ್ದದ್ದು ಬಲಕ್ಕೆ ಬಂತು. ಅತ್ತಿಗೆಯದು ನಡು ಬೈತಲೆಯಾದ್ದರಿಂದ ಯಾವ ಬದಿಯಾದರೂ ಹೊಸದೇ ಆಗುತ್ತಿತ್ತು, ಆದ್ದರಿಂದ ನಡೆಯಿತು. ಆದರೆ ಬೈತಲೆ ಒಂದೇ ಕಡೆಗೆ ಬೀಳುವವರು ಇಲ್ಲಿ ಎಚ್ಚರದಿಂದಿರಬೇಕು. ನೆತ್ತಿಯ ಸುಳಿ ಯಾವ ಕಡೆ ತಿರುಗಿದೆಯೋ ಕೂದಲು ಆ ಕಡೆಗೇ ಬೀಳುತ್ತದೆ. ಚಿತ್ರದಲ್ಲಿ ಚೆಂದ ಕಂಡ ಬೈತಲೆ ಪಾರ್ಲರಿನಿಂದ ಮನೆಗೆ ಬರುವಷ್ಟರಲ್ಲಿ ತನ್ನ ಹಳೆಯ ಜಾಗಕ್ಕೆ ಮರಳಿರುತ್ತದೆ.

ಬೆಳಕು ಹೊಂದಿತು. ಈಗ ಅಂಚು. ಇಡೀ ಕೆಲಸದ ಜೀವ ಇರುವುದು ಇಲ್ಲಿ, ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಗದ್ದದಿಂದ ನೆತ್ತಿಯವರೆಗೆ ತಲೆಯ ಉದ್ದ ಸುಮಾರು 22 ಸೆಂಟಿಮೀಟರ್ ಎಂದಿಟ್ಟುಕೊಳ್ಳೋಣ. ಫೋಟೊದಲ್ಲಿ ಅದು 1100 ಪಿಕ್ಸೆಲ್ ಎತ್ತರ ಇದ್ದರೆ ಒಂದು ಪಿಕ್ಸೆಲ್ ಎಂದರೆ 0.2 ಮಿಲಿಮೀಟರ್. ಒಂದು ಎಳೆ ಕೂದಲಿನ ದಪ್ಪ ಸುಮಾರು 0.07 ಮಿಲಿಮೀಟರ್. ಅಂದರೆ ಒಂಟಿ ಎಳೆಯೊಂದು ಪಿಕ್ಸೆಲಿನ ಮೂರನೇ ಒಂದು ಭಾಗವನ್ನಷ್ಟೇ ತುಂಬುತ್ತದೆ. ಉಳಿದ ಜಾಗದಲ್ಲಿ ಹಿಂದಿನ ಗೋಡೆ ಇರುತ್ತದೆ. ಕ್ಯಾಮೆರಾ ಎರಡನ್ನೂ ಬೆರೆಸಿ ಒಂದೇ ಬಣ್ಣ ಬರೆದಿಡುತ್ತದೆ. ತಲೆಯ ಹೊರಗೆರೆಯಲ್ಲಿ ಇಂಥ ಪಿಕ್ಸೆಲ್‌ಗಳದೇ ರಾಜ್ಯ. ಅವುಗಳಲ್ಲಿ ಶುದ್ಧ ಕೂದಲು ಎಂಬುದಿಲ್ಲ. ಇರುವುದು ಕೂದಲು–ಗೋಡೆಯ ಮಿಶ್ರಣ. ಎಷ್ಟೇ ಹರಿತವಾದ ಕತ್ತರಿಯಿಂದ ಕತ್ತರಿಸಿದರೂ ಗೋಡೆಯ ಅಂಶ ಜೊತೆಗೇ ಬರುತ್ತದೆ.

ಒಂದು ಪಿಕ್ಸೆಲ್ಲನ್ನು ಹಿಡಿದು ಲೆಕ್ಕ ಮಾಡೋಣ. ಕಪ್ಪಿಗೆ 0, ಬಿಳುಪಿಗೆ 255 ಎಂಬ ಅಳತೆಯಲ್ಲಿ ಕೂದಲು 40, ಸುಣ್ಣದ ಗೋಡೆ 220. ಪಿಕ್ಸೆಲಿನಲ್ಲಿ ಕೂದಲು 40 ಪಾಲು, ಗೋಡೆ 60 ಪಾಲು. ಬೆರೆತಾಗ ಬರುವುದು 148. ಅತ್ತಿಗೆಯ ಹಿಂದೆ ಇದ್ದದ್ದು ಕಡುಹಸಿರು ಪರದೆ, ಅದರ ಅಳತೆ 70. ಅದೇ ಎಳೆ ನಿಜವಾಗಿಯೂ ಆ ಪರದೆಯ ಮುಂದೆ ಇದ್ದಿದ್ದರೆ ಬರಬೇಕಿದ್ದದ್ದು 58. ಈಗ 148ರ ಆ ಪಿಕ್ಸೆಲ್ಲನ್ನು ಕತ್ತರಿಸಿ ತಂದು, ಅಂಚು ಮೃದುವಾಗಲೆಂದು 40 ಪಾಲು ಮಾತ್ರ ಕಾಣುವಂತೆ ಮಸುಕು ಮಾಡಿ ಪರದೆಯ ಮೇಲೆ ಇಟ್ಟರೆ ಬರುವುದು 101. ಕೂದಲು 40, ಪರದೆ 70, ಅವೆರಡರ ನಡುವೆ ಇರಬೇಕಾದ ಅಂಚು 101! ಎರಡಕ್ಕಿಂತಲೂ ಬೆಳ್ಳಗೆ. ತಲೆಯ ಸುತ್ತ ಕಾಣುವ ಆ ಬಿಳಿ ಪ್ರಭಾವಳಿ ಹುಟ್ಟುವುದು ಹೀಗೆ. ಅಂಚನ್ನು ಇನ್ನಷ್ಟು ಮಸುಕು ಮಾಡಿದರೆ ಅದು ಹೋಗುವುದಿಲ್ಲ, ಇನ್ನಷ್ಟು ಹರಡುತ್ತದೆ. ಆ್ಯಪ್‌ಗಳ ಕೂದಲು ಟೋಪಿಯಂತೆ ಕಾಣಲು ಇದೊಂದು ಕಾರಣ, ಎಷ್ಟೋ ಜನ ‘ಬ್ಲರ್ ಮಾಡಿದೆ, ಆದರೂ ಸರಿಹೋಗಲಿಲ್ಲ’ ಎನ್ನಲೂ ಇದೇ ಕಾರಣ.

ಪಿಕ್ಸೆಲಿನಲ್ಲಿ ವಸ್ತು ಎಷ್ಟು ಪಾಲು ಎಂಬುದನ್ನು ಬಣ್ಣದ ಜೊತೆಗೇ ಬರೆದಿಡುವ ಯೋಚನೆಗೆ ಆಲ್ಫಾ ಎಂಬ ಹೆಸರು ಕೊಟ್ಟವರು ಅಮೆರಿಕದ ಆಲ್ವಿ ರೇ ಸ್ಮಿತ್ ಮತ್ತು ಎಡ್ ಕ್ಯಾಟ್ಮಲ್, 1970ರ ದಶಕದ ಕೊನೆಯಲ್ಲಿ. ಲ್ಯೂಕಾಸ್‌ಫಿಲ್ಮ್‌ನಲ್ಲಿದ್ದ ಥಾಮಸ್ ಪೋರ್ಟರ್ ಮತ್ತು ಟಾಮ್ ಡಫ್ 1984ರಲ್ಲಿ ಚಿತ್ರದ ಮೇಲೆ ಚಿತ್ರ ಕೂರಿಸುವ ಗಣಿತವನ್ನು ಅಚ್ಚುಕಟ್ಟಾಗಿ ಬರೆದರು. ಇವತ್ತಿನ ಎಲ್ಲ ತಂತ್ರಾಂಶಗಳ ಒಳಗೂ ಕೂತಿರುವುದು ಅದೇ ಗಣಿತ. ಕೂದಲಿನ ವಿಷಯದಲ್ಲಿ ತೊಡಕು ಏನೆಂದರೆ, ಪಾಲು ಎಷ್ಟು ಎಂದು ತಿಳಿದರೂ ಸಾಲದು, ಬಣ್ಣದೊಳಗೆ ಸೇರಿಕೊಂಡ ಗೋಡೆಯನ್ನು ಹೊರಹಾಕಬೇಕು.

ಕಪ್ಪು ಕೂದಲಿನವರಿಗೆ ಇದಕ್ಕೆ ಒಂದು ಸುಲಭ ಉಪಾಯವಿದೆ, ಅದಕ್ಕೆ ಆಲ್ಫಾದ ಗೊಡವೆಯೂ ಬೇಕಿಲ್ಲ. ಕೂದಲಿನ ಫೋಟೊದ ಗೋಡೆಯನ್ನು ಪೂರ್ತಿ ಬಿಳಿ ಮಾಡಿ, ಆ ಪದರದ ಬೆರಕೆಯ ವಿಧಾನವನ್ನು Multiply ಎಂದು ಇಡುವುದು. ಈ ವಿಧಾನದಲ್ಲಿ ಮೇಲಿನ ಪದರದ ಬಿಳುಪು ಮಾಯವಾಗುತ್ತದೆ, ಕಪ್ಪು ಕಪ್ಪಾಗಿಯೇ ಉಳಿಯುತ್ತದೆ, ನಡುವಿನ ಬೂದು ತನ್ನ ಕೆಳಗಿರುವುದನ್ನು ಅಷ್ಟಷ್ಟು ಕಪ್ಪಾಗಿಸುತ್ತದೆ. ನಮ್ಮ ಅದೇ ಪಿಕ್ಸೆಲ್ಲಿಗೆ ಲೆಕ್ಕ ಹಾಕಿದರೆ ಬರುವುದು 47. ಬೇಕಾದದ್ದು 58. ತುಸು ಕಪ್ಪಾಯಿತು, ನಿಜ. ಆದರೆ 40ಕ್ಕೂ 70ಕ್ಕೂ ನಡುವೆಯೇ ಇದೆ, ಪ್ರಭಾವಳಿಯ ಸುಳಿವಿಲ್ಲ. ಕಣ್ಣು ಅದನ್ನು ಒಪ್ಪಿಕೊಳ್ಳುತ್ತದೆ. ಹಾಗಾಗಿಯೇ ಸುಣ್ಣದ ಗೋಡೆಯ ಮುಂದೆ ನಿಂತ ಫೋಟೊ ನಮಗೆ ಇಷ್ಟು ಬೆಲೆಬಾಳುವುದಾಯಿತು. ಗಿಡಮರಗಳ ಹಿನ್ನೆಲೆಯಲ್ಲಿ ತೆಗೆದದ್ದಾಗಿದ್ದರೆ ಎಲೆಗಳೂ ಕೂದಲಿನ ಜೊತೆಗೆ ಬರುತ್ತಿದ್ದವು. ನರೆಗೂದಲಿಗೆ ಇದು ಪೂರ್ತಿ ತಿರುವುಮುರುವು: ಕಪ್ಪು ಹಿನ್ನೆಲೆಯ ಫೋಟೊ ಬೇಕು, ವಿಧಾನ Screen.

ಕೆಲಸ ಸಾಗಿದ ಬಗೆ ಹೀಗೆ. ಅತ್ತಿಗೆಯ ಫೋಟೊ ತೆರೆದು, File → Open as Layers ಮೂಲಕ ಹುಡುಗಿಯ ಫೋಟೊವನ್ನು ಅದರ ಮೇಲೆ ತಂದೆ. ಅದನ್ನು ಅಡ್ಡಲಾಗಿ ತಿರುಗಿಸಿ, ಅರ್ಧ ಪಾರದರ್ಶಕ ಮಾಡಿ, Unified Transform ಉಪಕರಣದಿಂದ ಅವಳ ಎರಡೂ ಕಣ್ಣುಗಳು ಅತ್ತಿಗೆಯ ಕಣ್ಣುಗಳ ಮೇಲೆ ಕೂರುವ ತನಕ ಕುಗ್ಗಿಸಿದೆ, ತುಸು ವಾಲಿಸಿದೆ. ಕುಗ್ಗಿಸುವಂತಿರಬೇಕು, ಹಿಗ್ಗಿಸುವಂತಿರಬಾರದು, ಕೂದಲಿನ ಫೋಟೊ ಯಾವಾಗಲೂ ನಮ್ಮದಕ್ಕಿಂತ ದೊಡ್ಡದಿರಲಿ. ಕಣ್ಣು ಹೊಂದಿದ ಮೇಲೂ ಅವಳ ಹಣೆ ಅತ್ತಿಗೆಯ ಹಣೆಗಿಂತ ಚಿಕ್ಕದೆಂದು ಕಂಡಿತು. Warp Transform ಎಂಬ ಉಪಕರಣಕ್ಕೆ ದೊಡ್ಡ ಬ್ರಶ್ ಕೊಟ್ಟು ನೆತ್ತಿಯನ್ನು ಮೆಲ್ಲಗೆ ಮೇಲಕ್ಕೆ ತಳ್ಳಿದ್ದಾಯಿತು. ಸಣ್ಣ ಬ್ರಶ್ಶಿನಿಂದ ತಳ್ಳಿದರೆ ಹೊಳಪಿನ ಪಟ್ಟಿ ಅಂಕುಡೊಂಕಾಗಿ ಗುಟ್ಟು ರಟ್ಟಾಗುತ್ತದೆ.

ಆಮೇಲೆ ಆ ಪದರಕ್ಕೆ ಪ್ರತಿ ತೆಗೆದು ಒಟ್ಟು ಮೂರು ಮಾಡಿಕೊಂಡೆ, ಏಕೆಂದರೆ ಕೂದಲಿಗೆ ಮೂರು ಬಗೆಯ ಜಾಗಗಳಿವೆ. ಮೊದಲನೆಯದು ಹೊರಗೆರೆ, ಗೋಡೆಗೆ ತಾಗಿದ ಅಂಚು. ಇಲ್ಲಿ Colors → Levels ತೆರೆದು ಬಿಳಿ ಬಿಂದುವನ್ನು ಆರಿಸುವ ಪಿಪೆಟ್ಟನ್ನು ಗೋಡೆಯ ಮೇಲೆ, ತಲೆಗೆ ಹತ್ತಿರದಲ್ಲೇ ಒತ್ತಿದರೆ ಗೋಡೆ ಬಿಳಿಯಾಗುತ್ತದೆ. ಪದರ Multiplyಗೆ ಹೋಗುತ್ತದೆ. ಎರಡನೆಯದು ಮುಖದ ಕಡೆಯ ಅಂಚು: ಹಣೆಯ ಮುಂಗೂದಲು, ಕೆನ್ನೆಯ ಪಕ್ಕದ ಎಳೆಗಳು. ಇಲ್ಲಿ ಕೂದಲಿಗೆ ಬೆರೆತಿರುವುದು ಗೋಡೆಯ ಬದಲು ಆ ಹುಡುಗಿಯ ಚರ್ಮದ ಬಣ್ಣ. ಅವಳ ಬಣ್ಣ ಬೇರೆ, ಅತ್ತಿಗೆಯದು ಬೇರೆ. ಉಪಾಯ ಮಾತ್ರ ಅದೇ. ಈ ಪ್ರತಿಯಲ್ಲಿ ಪಿಪೆಟ್ಟನ್ನು ಅವಳ ಹಣೆಯ ಮೇಲೆ ಒತ್ತಬೇಕು. ಅವಳ ಚರ್ಮವೇ ಬಿಳಿಯಾಗಿ ಮಾಯವಾಗುತ್ತದೆ, ಎಳೆಗಳು ಮಾತ್ರ ಅತ್ತಿಗೆಯ ಹಣೆಯ ಮೇಲೆ ಇಳಿಯುತ್ತವೆ. ಮೂರನೆಯದು ಕೂದಲಿನ ಒಡಲು, ಹೊಳಪಿರುವ ಭಾಗ. ಇದು ಮಾಮೂಲಿ Normal ವಿಧಾನದಲ್ಲೇ ಮೇಲೆ ಇರಬೇಕು, ಇಲ್ಲವಾದರೆ ಹೊಳಪೆಲ್ಲ ಕೆಳಗಿನ ಪರದೆಯಲ್ಲಿ ಮುಳುಗಿಹೋಗುತ್ತದೆ.

ಮೂರು ಪದರಕ್ಕೂ ಮಾಸ್ಕ್ ಹಾಕಿ, ಆಯಾ ಜಾಗವನ್ನು ಮಾತ್ರ ಮೃದು ಬ್ರಶ್ಶಿನಿಂದ ಬಿಳಿ ಬಳಿದು ತೆರೆಯಬೇಕು. ಒಡಲಿನ ಮಾಸ್ಕ್ ಹೊರಗೆರೆಯವರೆಗೆ ಹೋಗಬಾರದು; ಹಾರಾಡುವ ಎಳೆಗಳು ಶುರುವಾಗುವ ಮೊದಲೇ ನಿಂತುಬಿಡಬೇಕು. ಅಲ್ಲಿಂದಾಚೆ Multiply ನೋಡಿಕೊಳ್ಳುತ್ತದೆ. ಹುಡುಗಿಯ ಹುಬ್ಬು ಅತ್ತಿಗೆಯ ಮುಖದ ಮೇಲೆ ಎರಡನೇ ಜೋಡಿಯಾಗಿ ಮೂಡಿದರೆ ಗಾಬರಿಯಾಗಬೇಡಿ, ಮಾಸ್ಕ್ ಅಲ್ಲಿ ಹೆಚ್ಚಾಗಿ ತೆರೆದಿದೆ ಎಂದಷ್ಟೇ ಅರ್ಥ.

ಅಂಚಿನ ಮೃದುತನ ಎಲ್ಲ ಕಡೆ ಒಂದೇ ಆಗಿರುವುದಿಲ್ಲ. ಕ್ಯಾಮೆರಾ ಅತ್ತಿಗೆಯ ಕಣ್ಣಿನ ಮೇಲೆ ಫೋಕಸ್ ಮಾಡಿತ್ತು, ಹಾಗಾಗಿ ರೆಪ್ಪೆ ಚೂಪು. ಕಿವಿ ಒಂದಿಷ್ಟು ಹಿಂದಿದೆ, ತುಸು ಮಸುಕು. ಹಿಂದಿನ ತುರುಬು ಇನ್ನೂ ಮಸುಕು. ತಂದ ಕೂದಲೂ ಇದೇ ಕ್ರಮದಲ್ಲಿ ಮಸುಕಾಗಬೇಕು. ಮುಂಗೂದಲನ್ನು ರೆಪ್ಪೆ–ಹುಬ್ಬಿನ ಚೂಪಿಗೆ, ಬದಿಯ ಕೂದಲನ್ನು ಕಿವಿಯ ಓಲೆಯ ಚೂಪಿಗೆ ಹೋಲಿಸಿ ನೋಡಿದೆ. ಕುಗ್ಗಿಸಿದ ಚಿತ್ರ ಅಗತ್ಯಕ್ಕಿಂತ ಚೂಪಾಗಿಯೇ ಕಾಣುತ್ತದೆ. ಮುಂಗೂದಲಿಗೆ ಅರ್ಧ ಪಿಕ್ಸೆಲಿನಷ್ಟು, ಬದಿಗೆ ಒಂದೂವರೆ ಪಿಕ್ಸೆಲಿನಷ್ಟು Gaussian Blur ಸಾಕಾಯಿತು. ನಿಮ್ಮ ಫೋಟೊದಲ್ಲಿ ಈ ಸಂಖ್ಯೆ ಬೇರೆ ಇರುತ್ತದೆ. ರೆಪ್ಪೆಯನ್ನು, ಓಲೆಯನ್ನು ಕೇಳಿ, ಅವೇ ಹೇಳುತ್ತವೆ.

ಫೋನಿನ ಪೋರ್ಟ್ರೇಟ್ ಮೋಡಿನಲ್ಲಿ ತೆಗೆದ ಫೋಟೊದಿಂದ ಮಾತ್ರ ಕೂದಲು ತರಲು ಹೋಗಬೇಡಿ. ಹಿನ್ನೆಲೆಯನ್ನು ಮಸುಕು ಮಾಡುವ ಭರದಲ್ಲಿ ಫೋನು ಹಾರಾಡುವ ಎಳೆಗಳನ್ನು ಗೋಡೆಯ ಜೊತೆ ಸೇರಿಸಿ ನುಂಗಿರುತ್ತದೆ. ಉಳಿದಿರುವುದು ಬೋಳಿಸಿದಂಥ ಅಂಚು. ಇಲ್ಲದ ಎಳೆಗಳನ್ನು ಯಾವ Multiply ಕೂಡ ವಾಪಸು ತರಲಾರದು.

ಹಣೆಯ ಮೇಲೆ ಕೂದಲು ಹುಟ್ಟುವ ಸಾಲಿನ ಬಗ್ಗೆಯೂ ಒಂದು ಮಾತು. ಅಲ್ಲಿ ಕೂದಲು ಒಮ್ಮೆಲೇ ದಟ್ಟವಾಗಿ ಶುರುವಾಗುವುದಿಲ್ಲ. ಮೊದಲು ನವಿರಾದ ಚಿಕ್ಕ ಎಳೆಗಳು ವಿರಳವಾಗಿ, ಆಮೇಲೆ ದಟ್ಟಣೆ. ಸಿನಿಮಾದವರ ಒಳ್ಳೆಯ ವಿಗ್ಗುಗಳ ಮುಂಭಾಗದಲ್ಲಿ ತೆಳುವಾದ ಬಲೆಗೆ ಒಂದೊಂದೇ ಎಳೆಯನ್ನು ಗಂಟು ಹಾಕಿ ಕೂರಿಸುವುದು ಈ ವಿರಳತೆಗಾಗಿಯೇ. ಬಾಬ್‌ನಲ್ಲಿ ಮುಂಗೂದಲು ಈ ಸಾಲನ್ನು ಬಹಳಷ್ಟು ಮುಚ್ಚಿತು. ಮುಚ್ಚದ ಕಡೆ ಅತ್ತಿಗೆಯದೇ ಸಾಲನ್ನು ಉಳಿಸಿಕೊಂಡು, ತಂದ ಕೂದಲನ್ನು ಅದರ ಹಿಂದಿನಿಂದ ಶುರುಮಾಡಿದೆ. ಸ್ವಂತದ್ದು ಇರುವಾಗ ಎರವಲು ಯಾಕೆ?

ಇಷ್ಟಾದರೂ ಕೂದಲು ಮುಖದ ಮುಂದೆ ತೇಲುತ್ತಿರುವಂತೆ ಕಾಣುತ್ತಿತ್ತು. ಕಾರಣ ನೆರಳು. ಹೊಸ ಕೂದಲು ಬಂದರೆ ಅದು ಮುಖದ ಮೇಲೆ ಬೆಳಕನ್ನು ತಡೆಯಲೇಬೇಕು. ಬೆಳಕು ಹತ್ತು ಗಂಟೆಯ ಕಡೆಯಿಂದ ಬಂದದ್ದರಿಂದ ಮುಂಗೂದಲಿನ ನೆರಳು ಅದರ ಕೆಳಗೆ, ಸ್ವಲ್ಪ ಬಲಕ್ಕೆ ಬೀಳಬೇಕು. ಇದು ಹೆಚ್ಚಿನವರಿಗೆ ಹೊಳೆಯುತ್ತದೆ. ಹೊಳೆಯದೇ ಉಳಿಯುವುದು ಕಿಟಕಿಯ ಕಡೆಯ ಕೆನ್ನೆ. ಜಡೆ ಕಟ್ಟಿದ್ದಾಗ ಆ ಕೆನ್ನೆಗೆ ಕಿವಿಯವರೆಗೂ ಬೆಳಕು ಬಿದ್ದಿತ್ತು. ಈಗ ಬಾಬ್‌ನ ಕೂದಲು ಕಿಟಕಿಗೂ ಕೆನ್ನೆಗೂ ಅಡ್ಡ ನಿಂತಿದೆ, ಆದ್ದರಿಂದ ಕೆನ್ನೆಯ ಹೊರಭಾಗ ಕಪ್ಪಾಗಬೇಕು. ಕತ್ತಿನ ಎರಡೂ ಬದಿಯೂ ಅಷ್ಟೇ. ಇಲ್ಲದಿದ್ದರೆ ಬೆಳಕು ಕೂದಲನ್ನು ತೂರಿಕೊಂಡು ಬಂದಂತೆ ಕಾಣುತ್ತದೆ.

ನೆರಳಿಗೆ ಕಪ್ಪು ಬಣ್ಣ ಹಚ್ಚಬಾರದು, ಮುಖ ಮಸಿ ಮೆತ್ತಿದ ಹಾಗಾಗುತ್ತದೆ. ಅತ್ತಿಗೆಯ ದವಡೆಯ ಕೆಳಗೆ ಇದ್ದ ನಿಜವಾದ ನೆರಳಿನಿಂದಲೇ ಬಣ್ಣ ಎತ್ತಿಕೊಂಡೆ, ಅದು ಕೆಂಪು ಛಾಯೆಯ ಕಂದು. ಕೂದಲಿನ ಪದರಗಳ ಕೆಳಗೆ ಹೊಸದೊಂದು ಖಾಲಿ ಪದರ, ವಿಧಾನ Multiply, ಅದರ ಮೇಲೆ ಮೃದು ಬ್ರಶ್. ಕೂದಲು ಚರ್ಮಕ್ಕೆ ತಾಗಿರುವಲ್ಲಿ ನೆರಳು ಗಾಢ, ಅಂಚು ಬಿಗಿ. ದೂರ ಸರಿದಷ್ಟೂ ತೆಳುವಾಗಿ ಹರಡಬೇಕು. ಪದರದ ಸಾಂದ್ರತೆಯನ್ನು ಸುಮಾರು ನಲವತ್ತು ಪರ್ಸೆಂಟಿಗೆ ಇಳಿಸಿದಾಗ ಕೂದಲು ತಲೆಯ ಮೇಲೆ ಕೂತಿತು.

ಕೊನೆಗೆ ಕಪ್ಪಿನ ಲೆಕ್ಕ. ಹುಡುಗಿಯ ಕೂದಲಿನ ಅತಿ ಕಪ್ಪು ಜಾಗ ಅತ್ತಿಗೆಯ ತುರುಬಿನ ಅತಿ ಕಪ್ಪಿಗಿಂತ ಕಪ್ಪಾಗಿತ್ತು. ಕಿಟಕಿಯ ಬೆಳಕು ಲೆನ್ಸಿನೊಳಗೆ ಚದುರಿ ನಮ್ಮ ಫೋಟೊದ ಕಪ್ಪನ್ನೆಲ್ಲ ಸ್ವಲ್ಪ ಬೂದಾಗಿಸಿತ್ತು. Levelsನಲ್ಲಿ ಕೆಳಗಿನ Output Levels ಪಟ್ಟಿಯ ಎಡತುದಿಯನ್ನು ಒಂದಿಷ್ಟು ಒಳಕ್ಕೆ ಸರಿಸಿ ಎರಡನ್ನೂ ಸಮ ಮಾಡಿದೆ. ಒಡಲಿನ ಪದರಕ್ಕೆ ಮಾತ್ರ ಇದು, Multiply ಪದರಗಳಿಗೆ ಬೇಡ. ಹೊಳಪಿನ ಬಣ್ಣವನ್ನು ಅತ್ತಿಗೆಯ ಬಿಗಿದು ಬಾಚಿದ ನೆತ್ತಿಯ ಮೇಲಿದ್ದ ಹೊಳಪಿನ ಜೊತೆ ಹೋಲಿಸಿ, ಚೂರು ನೀಲಿ ಸೇರಿಸಿದೆ. ನೋಡಿದರೆ ಎಲ್ಲಕ್ಕಿಂತ ನಂಬುವಂತಹ ಅಳತೆಗೋಲು ನಮ್ಮದೇ ಹಳೆಯ ಕೂದಲು, ಅದನ್ನು ಅಳಿಸಿಬಿಡಬೇಡಿ.

ಚಿತ್ರ ಸರಿಯಾಗಿದೆಯೇ ಎಂದು ಮಾಡಿದವರ ಕಣ್ಣಿಗೆ ತಿಳಿಯುವುದಿಲ್ಲ, ನೋಡಿ ನೋಡಿ ಅದು ಒಗ್ಗಿಹೋಗಿರುತ್ತದೆ. ಮೂರು ಪರೀಕ್ಷೆ ಮಾಡಬಹುದು. ಇಡೀ ಚಿತ್ರವನ್ನು ಕನ್ನಡಿಯಂತೆ ತಿರುಗಿಸಿ ನೋಡಿದರೆ ವಾಲಿದ ಕೂದಲು, ತಪ್ಪಿದ ನೆರಳು ಥಟ್ಟನೆ ಕಾಣುತ್ತವೆ. ಬಣ್ಣ ತೆಗೆದು ಕಪ್ಪು–ಬಿಳುಪು ಮಾಡಿದರೆ ಬೆಳಕಿನ ಹೊಂದಾಣಿಕೆ ಮಾತ್ರ ಉಳಿದು ಅದರ ದೋಷ ತಿಳಿಯುತ್ತದೆ. Levelsನಲ್ಲಿ ನಡುವಿನ ಗುಂಡಿಯನ್ನು ಅತಿಯಾಗಿ ಎಡಕ್ಕೆ ಎಳೆದರೆ ಕತ್ತಲ ಜಾಗಗಳು ಬೆಳಗಿ, ಅಡಗಿದ್ದ ಪ್ರಭಾವಳಿ ಮತ್ತು ಮಾಸ್ಕಿನ ಗಡಿಗಳು ಹೊರಬೀಳುತ್ತವೆ. ನೋಡಿಕೊಂಡು ವಾಪಸು ಇಟ್ಟುಬಿಡಿ. ನಮ್ಮ ಚಿತ್ರದಲ್ಲಿ ಮೂರನೇ ಪರೀಕ್ಷೆಗೆ ಸಿಕ್ಕಿಬಿದ್ದದ್ದು ಬಲಗಡೆಯ ಕೂದಲಿನ ತುದಿ. ಅಲ್ಲಿ ಸುಣ್ಣದ ಗೋಡೆಯ ಮೇಲೆ ಹುಡುಗಿಯ ನೆರಳೇ ಬಿದ್ದು ಗೋಡೆ ಬೂದಾಗಿತ್ತು, ಪಿಪೆಟ್ಟು ಅದನ್ನು ಪೂರ್ತಿ ಬಿಳಿ ಮಾಡಿರಲಿಲ್ಲ. ಪರದೆಯ ಮೇಲೆ ಮಬ್ಬು ಕಲೆಯಾಗಿ ಅದು ಉಳಿದುಕೊಂಡಿತ್ತು. ಆ ಜಾಗದಲ್ಲಿ Dodge ಬ್ರಶ್ಶಿಗೆ Highlights ಎಂದು ಕೊಟ್ಟು ಆಡಿಸಿದಾಗ ಹೋಯಿತು.

ಇಷ್ಟು ಮಾಡಿದ ಚಿತ್ರ ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂಬುದು ತಿಳಿದಿರಲಿ. ಕೂದಲು ದವಡೆಯ ಬಳಿ ನಿಂತರೆ ಮುಖ ಅಗಲವಾಗಿ ಕಾಣುತ್ತದೋ, ಹಣೆ ಮುಚ್ಚಿದರೆ ಕಣ್ಣು ಎದ್ದು ಕಾಣುತ್ತದೋ, ಇವಕ್ಕೆ ಉತ್ತರ ಸಿಗುತ್ತದೆ. ಅತ್ತಿಗೆಗೆ ಬಾಬ್ ಇಷ್ಟವಾಯಿತು. ಮುಂಗೂದಲು ಬೇಡ ಎನ್ನಿಸಿತು. ಆ ಒಂದು ಪದರವನ್ನು ಮುಚ್ಚಿ ಅವರೇ ನೋಡಿಕೊಂಡರು. ಆದರೆ ಅಲ್ಲಿರುವುದು ಬೇರೊಬ್ಬರ ಕೂದಲು. ಅದರ ದಪ್ಪ, ಅದರ ಸುರುಳಿ, ಅದು ಬೀಳುವ ರೀತಿ ಎಲ್ಲ ಆ ಹುಡುಗಿಯದು. ಗುಂಗುರು ಕೂದಲಿನವರು ಇನ್ನೂ ಹೆಚ್ಚು ಯೋಚಿಸಬೇಕು: ಉದ್ದದ ಭಾರ ಇಳಿದ ಕೂಡಲೇ ಗುಂಗುರು ಮೇಲಕ್ಕೆ ಏರಿ, ಕತ್ತರಿಸಿದ್ದಕ್ಕಿಂತ ಗಿಡ್ಡವಾಗಿ ನಿಲ್ಲುತ್ತದೆ. ಆದ್ದರಿಂದ ಚಿತ್ರವನ್ನು ಪಾರ್ಲರಿಗೆ ಒಯ್ಯುವಾಗ ಅದರ ಜೊತೆ ಆ ಹುಡುಗಿಯ ಮೂಲ ಫೋಟೊವನ್ನೂ ಒಯ್ಯಿರಿ. ಕತ್ತರಿ ಹಿಡಿಯುವವರಿಗೆ ಎರಡನ್ನೂ ತೋರಿಸಿ, ನಿಮ್ಮ ಒಣ ಕೂದಲನ್ನು ಮುಟ್ಟಿ ನೋಡಲು ಹೇಳಿ, ಇದು ನನ್ನ ಕೂದಲಿನಲ್ಲಿ ಹೀಗೆ ನಿಲ್ಲುತ್ತದೆಯೇ ಎಂದು ಕೇಳಿ. ಅವರು ಒಂದಿಂಚು ಉದ್ದ ಬಿಡೋಣ ಎಂದರೆ ಬಿಡಿ.